ಚುಕ್ಕಿಯಿಲ್ಲದ ಸಾಲು

ಚುಕ್ಕಿ ಇಟ್ಟಿದ್ದೆನೋ ಇಲ್ಲವೋ.

ಶನಿವಾರ ಸಂಜೆಯಿಂದ ಈ ಒಂದೇ ಮಾತು ಅವಳ ತಲೆಯಲ್ಲಿ ನೊಣದ ಹಾಗೆ ಸುತ್ತುತ್ತಿತ್ತು. ಓಡಿಸಿದರೆ ಹೋಗುತ್ತಿತ್ತು, ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಭಾನುವಾರ ಇಡೀ ದಿನ ಒಗೆದದ್ದನ್ನೇ ಒಗೆದಳು, ಮಡಿಸಿದ್ದನ್ನೇ ಮಡಿಸಿದಳು. ಸೋಮವಾರ ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಲು ಬಚ್ಚಲಿಗೆ ಹೋದವಳು ಎಂದಿನಂತೆ ಮೊದಲು ಕಿಟಕಿ ತೆರೆದಳು, ಗೀಸರಿನ ಪುಟ್ಟ ಕಿಂಡಿಯಲ್ಲಿ ಬಗ್ಗಿ ಜ್ವಾಲೆ ನೀಲಿಯಾಗಿದೆಯೇ ಎಂದು ನೋಡಿದಳು, ಗೋಡೆ ಹತ್ತಿ ಹೊರಗೆ ಹೋಗುವ ಹೊಗೆಕೊಳವೆಯನ್ನು ಬೆರಳಿನಿಂದ ತಟ್ಟಿದಳು. ಬಾಗಿಲ ಬಳಿ ಟವೆಲ್ ಹಿಡಿದು ನಿಂತ ಅತ್ತೆಗೆ ತಡೆಯಲಾಗಲಿಲ್ಲ.

“ಅದೇನಮ್ಮ, ದಿನಾ ಅದರ ಮೈ ಮುಟ್ಟಿ ನೋಡ್ತೀಯಲ್ಲ, ಅದಕ್ಕೇನು ಜ್ವರ ಬಂದಿದ್ಯಾ? ಮಗೂಗೆ ನೆಗಡಿ ಆಗತ್ತೆ, ಬೇಗ ಹುಯ್ಯಿ.”

“ನೋಡಿದ್ರೆ ಒಳ್ಳೇದಲ್ವಾ ಅತ್ತೆ.”

“ನಿಮ್ ಕಂಪನಿಯವರೇ ವರ್ಷಕ್ಕೊಂದ್ಸಲ ಬಂದು ನೋಡ್ತಾರಂತಲ್ಲ. ಗೀಸರ್ ಪುಸ್ತಕದಲ್ಲಿ ಬರೆದಿದೆ. ನೀನೇ ತಂದುಕೊಟ್ಟಿದ್ದೆ, ನಾನು ಓದಿದೀನಿ. ಎಷ್ಟು ಚೆನ್ನಾಗಿ ಬರ್ದಿದಾರೆ, ನನ್ನಂಥೋಳಿಗೂ ಅರ್ಥ ಆಗೋ ಹಾಗೆ.”

ಆ ಪುಸ್ತಕ ಬರೆದವಳು ಅವಳೇ.

ಅವಳ ಕೆಲಸ ಏನೆಂದು ಕೇಳಿದವರಿಗೆ ಹೇಳುವುದು ಕಷ್ಟ. ಗ್ಯಾಸಿನ ಗೀಸರ್ ಮಾಡುವ ಕಂಪನಿ; ಅದರ ಎರಡನೇ ಮಹಡಿಯ ಮೂಲೆಯಲ್ಲಿ ಒಂದು ಕೋಣೆ; ಕೋಣೆಯಲ್ಲಿ ಎರಡು ಮೇಜು, ಒಂದು ಕಬ್ಬಿಣದ ಬೀರು, ಒಂದು ಫೋನು. ಕಂಪನಿಯಿಂದ ಹೊರಗೆ ಹೋಗುವ ಪ್ರತಿಯೊಂದು ಕಾಗದವೂ ಈ ಕೋಣೆಯನ್ನು ಹಾದು ಹೋಗಬೇಕು. ಎಂಜಿನಿಯರುಗಳೂ ಅಧಿಕಾರಿಗಳೂ ಬರೆದದ್ದನ್ನು ಮನುಷ್ಯರು ಓದುವಂತೆ ಮಾಡುವುದು ಅವಳ ಕೆಲಸ. ಇಡೀ ಕಚೇರಿ ಅವಳನ್ನು ಕರೆಯುವುದು ‘ಕತ್ತರಿ’ ಎಂದು. “ಏನ್ ಕತ್ತರಿಯಮ್ಮ, ಇವತ್ತು ನಂದೇನು ಕತ್ತರಿಸ್ತೀರಿ?” ಎಂದು ಮೆಟ್ಟಿಲಲ್ಲಿ ಸಿಕ್ಕವರು ನಗುತ್ತಾರೆ. ಅವಳೂ ನಗುತ್ತಾಳೆ. ಮಗು ಹುಟ್ಟಿದ ಮೇಲೆ ಆ ನಗು ಸ್ವಲ್ಪ ಹಿಂದೆಯೇ ಉಳಿಯುತ್ತದೆ, ಬಾಯಿ ಮಾತ್ರ ಮುಂದೆ ಬರುತ್ತದೆ.

ಈ ಕೆಲಸಕ್ಕೆ ಅವಳು ಹುಟ್ಟಿದ್ದೇ ಸರಿಯಾದ ಮನೆಯಲ್ಲಿ. ಅಪ್ಪ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವರು. ಕಚೇರಿಯ ಮಾತನ್ನು ಅಂಗಿಯ ಜೊತೆ ಗೂಟಕ್ಕೆ ತಗುಲಿಹಾಕಲು ಅವರಿಗೆ ಬರುತ್ತಿರಲಿಲ್ಲ. ಮನೆಗೆ ಬಂದವರೇ, “ಊಟದ ವ್ಯವಸ್ಥೆ ಆಗಿದೆಯೋ?” ಎನ್ನುವರು. ಅಮ್ಮ ಒಳಗಿನಿಂದ, “ಬಡಿಸ್ಲಾ?” ಎನ್ನುವಳು. “ಮಗಳ ವಿದ್ಯಾಭ್ಯಾಸದ ಪ್ರಗತಿಯ ಪರಿಶೀಲನೆ ಆಗಬೇಕು” ಎಂದು ಅಪ್ಪ. “ಅವಳು ಓದ್ತಿದಾಳಾ ಅಂತ ನೋಡ್ಬೇಕು ಅಂತಿದ್ರೆ ಹೋಗಿ ನೋಡಿ, ಅಲ್ಲೇ ಕೂತಿದಾಳೆ” ಎಂದು ಅಮ್ಮ. ಇಬ್ಬರ ನಡುವೆ ತಟ್ಟೆ ಇಟ್ಟುಕೊಂಡು ಕೂತ ಹುಡುಗಿಗೆ, ಒಂದೇ ಸಂಗತಿಗೆ ಎರಡು ಮೈ ಇರುತ್ತವೆ, ಒಂದು ಉಬ್ಬಿದ್ದು, ಒಂದು ಬಡಕಲು, ಕೆಲಸ ಮಾಡುವುದು ಬಡಕಲೇ ಎಂದು ಯಾರೂ ಹೇಳಿಕೊಡದೆ ತಿಳಿದಿತ್ತು.

ಅದನ್ನು ಕಸುಬಾಗಿ ಕಲಿಸಿದವರು ಕೋಣೆಯ ಹಿರಿಯರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಹಾಗಾಗಿ ಎಲ್ಲರಿಗೂ ಮೇಷ್ಟ್ರು. ಅವಳು ಸೇರಿದ ಮೊದಲ ದಿನ ಒಂದು ಪತ್ರವನ್ನು ಅವಳ ಮುಂದೆ ಇಟ್ಟರು. ‘ತಮ್ಮ ದೂರಿನ ವಿಶ್ಲೇಷಣೆಯನ್ನು ಕೈಗೊಂಡು, ಬದಲಾವಣೆಯ ಅಗತ್ಯತೆಯ ಬಗ್ಗೆ ನಿರ್ಧಾರ ತೆಗೆದುಕೊಳ್ಳುವಿಕೆಯನ್ನು ಮಾಡಲಾಗುವುದು.’

“ಇದರಲ್ಲಿ ಯಾರು ಏನ್ ಮಾಡ್ತಾರೆ ಹೇಳು ನೋಡೋಣ.”

ಅವಳು ಮೂರು ಸಲ ಓದಿ, “ಯಾರೂ ಏನೂ ಮಾಡಲ್ಲ ಸಾರ್” ಎಂದಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. “ಪಾಸು. ಕೈಗೊಂಡು, ತೆಗೆದುಕೊಂಡು, ಮಾಡಲಾಗುವುದು: ಇವೆಲ್ಲ ಬಾಡಿಗೆ ಎತ್ತು. ನಿಜವಾದ ಕೆಲಸ ‘ವಿಶ್ಲೇಷಣೆ’ ‘ನಿರ್ಧಾರ’ ಅನ್ನೋ ಮೂಟೆ ಒಳಗೆ ಕಟ್ಟಿಹಾಕಿದಾರೆ. ಮೂಟೆ ಬಿಚ್ಚು. ‘ನಿಮ್ಮ ದೂರನ್ನು ಪರೀಕ್ಷಿಸುತ್ತೇವೆ. ಗೀಸರ್ ಬದಲಿಸಬೇಕೋ ಬೇಡವೋ ಎಂದು ಹದಿನೈದು ದಿನದೊಳಗೆ ನಿರ್ಧರಿಸಿ ತಿಳಿಸುತ್ತೇವೆ.’ ಆಯ್ತಲ್ಲ? ಆದ್ರೆ ಒಂದು ಮಾತು ನೆನಪಿರ್ಲಿ. ಈ ಹದಿನೈದು ದಿನ ಅನ್ನೋದು ನಾನು ಹುಟ್ಟಿಸಿದ್ದಲ್ಲ. ದೂರು ವಿಭಾಗಕ್ಕೆ ಫೋನ್ ಮಾಡಿ ಕೇಳಿದ್ದು.”

ಆಮೇಲೆ ಅವರು ಹಾಳೆಯ ಪದ್ಧತಿ ತೋರಿಸಿದರು. ಉದ್ದದ ಹಾಳೆಯಲ್ಲಿ ಮೂರು ಮನೆ. ಮೊದಲ ಮನೆಯಲ್ಲಿ ಮೂಟೆ ಮಾತು. ಎರಡನೆಯದರಲ್ಲಿ ಅದರೊಳಗಿನ ಕ್ರಿಯೆ. ಮೂರನೆಯ ಮನೆಯ ತಲೆಬರಹ ‘ಯಾರು?’ ಮೂಲದಲ್ಲಿ ಯಾರೆಂದು ಇದ್ದರೆ ಸರಿ. ಬಹಳ ಸಲ ಇರುವುದಿಲ್ಲ. ಇಲ್ಲದಿದ್ದರೆ ಸಂಬಂಧಪಟ್ಟ ವಿಭಾಗಕ್ಕೆ ಫೋನ್ ಮಾಡಬೇಕು, ಕೇಳಬೇಕು, ಉತ್ತರ ಬರೆದು ಪಕ್ಕದಲ್ಲಿ ಕೆಂಪು ಶಾಯಿಯ ಚುಕ್ಕಿ ಇಡಬೇಕು. ಚುಕ್ಕಿಯೆಂದರೆ: ಇದು ನನ್ನ ಊಹೆಯಲ್ಲ, ಕೇಳಿ ಬರೆದದ್ದು.

“ಮೂಟೆ ಬಿಚ್ಚೋದು ಸುಲಭ,” ಎಂದಿದ್ದರು ಮೇಷ್ಟ್ರು. “ಬಿಚ್ಚಿದ ಮೇಲೆ ಅದನ್ನ ಯಾರ ತಲೆ ಮೇಲೆ ಹೊರಿಸ್ತೀಯ ಅನ್ನೋದು ಕಷ್ಟ. ಮೂಟೇಲಿ ಇದ್ದಾಗ ಅದು ಯಾರದ್ದೂ ಅಲ್ಲ. ಬಿಚ್ಚಿದ್ಯೋ, ಯಾರಾದ್ರೂ ಹೊರಲೇಬೇಕು. ಅದಕ್ಕೇ, ಮೂರನೇ ಮನೆ ಖಾಲಿ ಇದ್ರೆ ಫೋನು. ಊಹೆ ಮಾಡಿದ್ಯೋ, ಕೆಟ್ಟೆ.”

ಆರು ವರ್ಷ ಅವಳು ಹಾಗೆಯೇ ಮಾಡಿದಳು. ಕೇಳಿ ಕೇಳಿ ಎಲ್ಲ ವಿಭಾಗದವರ ಕೈಲೂ ಬೈಸಿಕೊಂಡಳು. “ಏನ್ರೀ, ‘ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆದ್ರೆ ನಿಮ್ಮಪ್ಪನ ಗಂಟು ಹೋಗತ್ತಾ?” ಎಂದವರುಂಟು. ಅಪ್ಪನ ಗಂಟು ಅದೇ ಆಗಿತ್ತು ಎಂದು ಅವಳು ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಗ್ರಾಹಕರ ಕಾಗದಗಳ ಕಟ್ಟಿನಲ್ಲಿ ಕೈಬರಹದ ಒಂದು ಪತ್ರ ಬಂದಿತ್ತು. ಉತ್ತರದ ಕರಡು ತಯಾರಾಗುವ ಮೊದಲು ಅವಳು ಕಣ್ಣಾಡಿಸುವುದು ವಾಡಿಕೆ. ದೊಡ್ಡ ದೊಡ್ಡ ಅಕ್ಷರ, ಹೊಲಿಗೆಯ ಹಾಗೆ ನೇರವಾದ ಸಾಲು. ‘ನಾನು ಬಟ್ಟೆ ಹೊಲಿಯುತ್ತಿದ್ದೆ. ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬಿಟ್ಟಿದ್ದೇನೆ. ನಿಮ್ಮ ಪುಸ್ತಕ ಓದಿದೆ. ವರ್ಷಕ್ಕೊಮ್ಮೆ ನಾವು ಬಂದು ಹೊಗೆಕೊಳವೆ ಪರೀಕ್ಷಿಸುತ್ತೇವೆ ಎಂದಿದ್ದೀರಿ. ವರ್ಷ ಕಳೆದು ಎರಡು ತಿಂಗಳಾಯಿತು. ಕಾದೆ. ನೀವು ಬರಲಿಲ್ಲ.’

ಮಗುವನ್ನು ನೋಡಿಕೊಳ್ಳುವ ಕೇಂದ್ರ ಶನಿವಾರ ಬೇಗ ಮುಚ್ಚುತ್ತದೆ. ಅವಳು ಅಷ್ಟಕ್ಕೇ ಪತ್ರವನ್ನು ಡ್ರಾಯರಿನಲ್ಲಿಟ್ಟು ಓಡಿದಳು. ಸರ್ವಿಸಿನವರು ಒಂದು ಮನೆ ಬಿಟ್ಟಿರಬೇಕು ಅಂದುಕೊಂಡಳು. ಬಸ್ಸು ಹತ್ತಿ ಕೂತ ಮೇಲೆ, ಟಿಕೆಟ್ ಕೈಯಲ್ಲಿ ಹಿಡಿದಿದ್ದಾಗ, ಆ ಪುಸ್ತಕದ ಹಳೆಯ ಸಾಲು ಎಲ್ಲಿಂದಲೋ ಎದ್ದು ಬಂತು. ‘ಹೊಗೆಕೊಳವೆಯ ವಾರ್ಷಿಕ ತಪಾಸಣೆ ಹಾಗೂ ಶುಚಿಗೊಳಿಸುವಿಕೆಯನ್ನು ಕೈಗೊಳ್ಳುವುದು ಕಡ್ಡಾಯವಾಗಿರುತ್ತದೆ.’ ಯಾರು ಕೈಗೊಳ್ಳುವುದು? ಅದರಲ್ಲಿ ಇರಲಿಲ್ಲ. ಅವಳು ‘ನಾವು’ ಎಂದು ಬರೆದಿದ್ದಳು. ಕೇಳಿ ಬರೆದಿದ್ದಳೇ? ಚುಕ್ಕಿ ಇಟ್ಟಿದ್ದಳೇ? ಹಾಳೆ ಕಚೇರಿಯ ಬೀರುವಿನಲ್ಲಿತ್ತು. ಕಚೇರಿಗೆ ಬೀಗ ಬಿದ್ದಿತ್ತು.

ಸೋಮವಾರ ಅವಳು ಎಲ್ಲರಿಗಿಂತ ಮುಂಚೆ ಬಂದಳು. ಕಸ ಗುಡಿಸುವವಳು ಇನ್ನೂ ಮೆಟ್ಟಿಲು ಒರೆಸುತ್ತಿದ್ದಳು. “ಒದ್ದೆ ಇದೆ ಅಕ್ಕ, ಜಾರ್ತೀರಾ” ಎಂದದ್ದು ಕಿವಿಗೆ ಬಿದ್ದರೂ ಕಾಲಿಗೆ ಬೀಳಲಿಲ್ಲ. ಎರಡು ಮೆಟ್ಟಿಲು ಜಾರಿ, ಕಟಕಟೆ ಹಿಡಿದು ನಿಂತಳು. ಬೀರು ತೆರೆದು ಹಾಳೆಗಳ ಕಟ್ಟು ಬಿಚ್ಚಿದಳು. ಗೀಸರ್ ಪುಸ್ತಕಕ್ಕೆ ಒಂಬತ್ತು ಹಾಳೆ. ಎರಡು ಸಲ ಎಣಿಸಿದಳು. ಕೇಳಿ ಬರೆಯಬೇಕಾದ ಪ್ರತಿ ಸಾಲಿನ ಕೊನೆಗೂ ಕೆಂಪು ಚುಕ್ಕಿ. ಎದೆ ಹಗುರವಾಗುತ್ತಾ ಬಂತು. ಏಳನೆಯ ಹಾಳೆ, ಮೇಲಿನಿಂದ ನಾಲ್ಕನೆಯ ಸಾಲು.

ತಪಾಸಣೆ ಕೈಗೊಳ್ಳುವುದು. ಪರೀಕ್ಷಿಸು. ನಾವು.

ಚುಕ್ಕಿ ಇರಲಿಲ್ಲ.

ಅವಳದ್ದೇ ಅಕ್ಷರ. ‘ನಾವು’ ಎಂಬುದರ ಬಾಲ ಸ್ವಲ್ಪ ಎಳೆದುಕೊಂಡು ಹೋಗಿತ್ತು, ಬರೆಯುತ್ತಾ ಎದ್ದು ನಿಂತವರ ಬರಹದಂತೆ. ಎದ್ದೇ ನಿಂತಿದ್ದಳು. ಈಗ ಎಲ್ಲವೂ ನೆನಪಾಯಿತು. ಹೆರಿಗೆ ರಜೆ ಮುಗಿಸಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ಮಗುವಿಗೆ ನಾಲ್ಕು ತಿಂಗಳು. ಎಡಗೈಯಲ್ಲಿ ರಿಸೀವರ್ ಹಿಡಿದು ಸರ್ವಿಸ್ ವಿಭಾಗದ ನಂಬರು ಒತ್ತಬೇಕು ಅನ್ನುವಷ್ಟರಲ್ಲಿ ಕೈಚೀಲದಲ್ಲಿದ್ದ ಅವಳ ಮೊಬೈಲ್ ಅರಚಿತ್ತು. ಕೇಂದ್ರದಿಂದ. ಮಗುವಿಗೆ ಜ್ವರ, ಮೈ ಸುಡುತ್ತಿದೆ, ಕೂಡಲೇ ಬನ್ನಿ. ರಿಸೀವರ್ ಇಟ್ಟಳು. ಮುದ್ರಣಕ್ಕೆ ಅಂದೇ ಸಂಜೆ ಹೋಗಬೇಕಿತ್ತು. ‘ಇಷ್ಟು ದೊಡ್ಡ ಕಂಪನಿ, ಕಡ್ಡಾಯ ಅಂತ ಬೇರೆ ಬರೆದಿದಾರೆ, ಅವರೇ ನೋಡ್ತಾರೆ, ಇನ್ಯಾರು?’ ಎಂದುಕೊಂಡು ಎರಡಕ್ಷರ ಗೀಚಿ, ನಾಳೆ ಬಂದು ಕೇಳಿ, ತಪ್ಪಿದ್ದರೆ ಕರಡಚ್ಚಿನಲ್ಲಿ ತಿದ್ದಿ ಚುಕ್ಕಿ ಇಟ್ಟರಾಯಿತು ಎಂದು ಓಡಿದ್ದಳು. ಮೂರು ದಿನ ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ. ನಾಲ್ಕನೆಯ ದಿನ ಬಂದಾಗ ಪುಸ್ತಕ ಆರು ಸಾವಿರ ಪ್ರತಿ ಅಚ್ಚಾಗಿ ಹಳೆಯ ಗ್ರಾಹಕರ ಮನೆಗಳಿಗೂ ಹೊರಟಿತ್ತು, ಮೇಜಿನ ಮೇಲೆ ಬೇರೆ ಕಾಗದಗಳಿದ್ದವು.

ಅವಳು ಫೋನಿನ ಕಡೆ ನೋಡಿದಳು. ಕೈ ಬರಲಿಲ್ಲ. ಎದುರಿಗೆ ನಿಂತು ಕೇಳೋಣ ಎಂದು ಕೆಳಗಿಳಿದಳು.

ಸರ್ವಿಸ್ ಶೆಡ್ಡಿನಲ್ಲಿ ಫೋರ್‌ಮನ್ ಒಬ್ಬರೇ ಕೂತು ಹಳೆಯ ಬರ್ನರೊಂದರ ಮಸಿಯನ್ನು ತಂತಿಯ ಬ್ರಷ್‌ನಿಂದ ಉಜ್ಜುತ್ತಿದ್ದರು.

“ಬನ್ನಿ ಕತ್ತರಿಯಮ್ಮ, ಏನ್ ದರ್ಶನ! ಇಲ್ಲಿ ಕತ್ತರಿಸೋಕೆ ತಗಡು ಬಿಟ್ರೆ ಏನಿಲ್ಲ.”

“ಅಣ್ಣ, ಒಂದು ಕೇಳ್ಬೇಕಿತ್ತು. ಮನೆಮನೆಗೆ ಹೋಗಿ ವರ್ಷಕ್ಕೊಂದ್ಸಲ ಹೊಗೆಕೊಳವೆ ನೋಡ್ತೀರಲ್ಲ...”

“ಯಾರು?”

“ನೀವು.”

“ನಾವ್ಯಾಕೆ ಹೋಗ್ತೀವಿ? ಹಾಕಿಕೊಟ್ಟ ಮೇಲೆ ಅದು ಮನೆಯವರ ಜವಾಬ್ದಾರಿ. ಅವರು ಕರೆದ್ರೆ ಹೋಗ್ತೀವಿ. ಕರೀದೇ ಇದ್ರೆ ಯಾರ ಮನೆ ಬಚ್ಚಲಿಗಾದ್ರೂ ನುಗ್ಗೋಕಾಗತ್ತಾ?” ಫೋರ್‌ಮನ್ ತಮ್ಮ ಮಾತಿಗೆ ತಾವೇ ನಕ್ಕರು. ಬ್ರಷ್ ಕೆಳಗಿಟ್ಟರು. “ಆದ್ರೆ ಒಂದು ವಿಚಿತ್ರ ನೋಡಿ. ಮುಂಚೆಯೆಲ್ಲ ಚಳಿ ಶುರುವಾಗ್ತಿದ್ದ ಹಾಗೇ ನೂರಾರು ಜನ ಫೋನ್ ಮಾಡೋರು. ‘ಏನೋ ತಪಾಸಣೆ ಕಡ್ಡಾಯ ಅಂತ ಬರೆದಿದೆಯಲ್ಲ, ನಮಗೇನೂ ತಿಳೀಲಿಲ್ಲ, ಒಂದ್ಸಲ ಬಂದು ನೋಡ್ರಪ್ಪ’ ಅಂತ. ಈ ವರ್ಷ ಒಬ್ರೂ ಇಲ್ಲ. ಹುಡುಗ್ರೆಲ್ಲ ಖುಷಿಯಾಗಿದಾರೆ, ಕೆಲಸ ಕಮ್ಮಿಯಾಯ್ತು ಅಂತ.”

ಹಳೆಯ ಸಾಲು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದಕ್ಕೇ ಹೆದರಿ ಕರೆಯುತ್ತಿದ್ದರು. ಅವಳ ಸಾಲು ಎಲ್ಲರಿಗೂ ಅರ್ಥವಾಯಿತು. ಅರ್ಥವಾಯಿತೆಂದೇ ನಂಬಿದರು. ಆರು ಸಾವಿರ ಮನೆಗಳಲ್ಲಿ ಜನ ಹಾಯಾಗಿ ಕಾಯುತ್ತಾ ಕೂತಿದ್ದರು, ಬಾರದವರಿಗಾಗಿ.

“ಕೊಳವೆ ಕಟ್ಟಿಕೊಂಡ್ರೆ ಏನಾಗತ್ತೆ ಅಣ್ಣ?” ಗೊತ್ತಿದ್ದೂ ಕೇಳಿದಳು.

“ಹೊಗೆ ವಾಪಸ್ ಒಳಗೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಬರಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ. ಕಿಟಕಿ ಮುಚ್ಚಿಕೊಂಡು ಒಳಗೇ ಇದ್ರೆ... ಬಿಡಿ, ಬೆಳಿಗ್ಗೆ ಬೆಳಿಗ್ಗೆ ಆ ಮಾತು ಯಾಕೆ. ಯಾಕ್ರೀ, ಮುಖ ಹಾಗೆ ಬಿಳುಚಿಕೊಳ್ತು? ತಿಂಡಿ ತಿಂದಿಲ್ವಾ?”

ಮೇಲೆ ಬಂದಾಗ ಮೇಷ್ಟ್ರು ಬಂದಿದ್ದರು. ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅವಳು ಮಾತಾಡದೆ ಡ್ರಾಯರ್ ಎಳೆದು ಹೊಲಿಗೆಯಾಕೆಯ ಪತ್ರ ತೆಗೆದಳು. ಶನಿವಾರ ತಿರುವಿ ನೋಡದಿದ್ದ ಹಿಂಬದಿ ಈಗ ಕಣ್ಣಿಗೆ ಬಿತ್ತು. ಹಿಂದೆಯೂ ಬರೆದಿತ್ತು.

‘ಈಚೆಗೆ ಸ್ನಾನ ಮಾಡಿ ಬಂದರೆ ತಲೆ ಸಿಡಿಯುತ್ತದೆ. ವಯಸ್ಸಾಯಿತು ಅಂದುಕೊಂಡೆ. ಆದರೆ ಮೊಮ್ಮಗಳಿಗೂ ನೋಯುತ್ತದೆ. ಅವಳಿಗೆ ಹನ್ನೊಂದು. ಚಳಿ ಎಂದು ಬಚ್ಚಲ ಕಿಟಕಿ ಮುಚ್ಚಿದ್ದೇವೆ. ಗೀಸರಿನ ಮೇಲೆ ಗೋಡೆ ಕಪ್ಪಾಗಿದೆ, ಒರೆಸಿದರೆ ಮತ್ತೆ ಬರುತ್ತದೆ. ನೀವು ಬಂದಾಗ ಅದನ್ನೂ ನೋಡಿ.’ ಕೆಳಗೆ ಫೋನ್ ನಂಬರು. ಪತ್ರ ಹಾಕಿ ಐದು ದಿನವಾಗಿತ್ತು.

ಆಕೆಯ ಬರಹದಲ್ಲಿ ಮೂಟೆ ಎಂಬುದೇ ಇರಲಿಲ್ಲ. ಓದಿದೆ, ಕಾದೆ, ನೋಯುತ್ತದೆ, ನೋಡಿ.

“ಮೇಷ್ಟ್ರೇ.” ಅವಳು ಹಾಳೆಯನ್ನೂ ಪತ್ರವನ್ನೂ ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ಬಾಯಿಯಿಂದ ಮೊದಲು ಬಂದದ್ದು, “ಒಂದು ತಪ್ಪು ಸಂಭವಿಸಿದೆ” ಎಂಬ ಮಾತು. ಕೇಳಿ ಅವಳಿಗೇ ನಾಚಿಕೆಯಾಯಿತು. ಅಪ್ಪನ ದನಿ.

ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಳಗಿನ ಮೂಲೆಯಲ್ಲಿ ಅವರ ಸಹಿ ಇತ್ತು. ಚುಕ್ಕಿಗಳನ್ನು ಎಣಿಸಿ ಸಹಿ ಹಾಕುವುದು ಅವರ ಕೆಲಸ. ಅವರೂ ಅಂದು ಎಣಿಸಿರಲಿಲ್ಲ. ಆಮೇಲೆ ಒಂದು ಖಾಲಿ ಕಾಗದ ಎಳೆದುಕೊಂಡು, ನಿಲ್ಲಿಸದೆ, ತಿದ್ದದೆ, ನಾಲ್ಕು ಸಾಲು ಬರೆದು ಅವಳ ಕಡೆ ತಳ್ಳಿದರು.

‘ತಮ್ಮ ಪತ್ರದ ಸ್ವೀಕೃತಿಯಾಗಿದೆ. ತಪಾಸಣೆಯ ಕುರಿತು ಉಂಟಾಗಿರುವ ಗೊಂದಲದ ಪರಿಶೀಲನೆಯನ್ನು ನಡೆಸಲಾಗುತ್ತಿದ್ದು, ಸೂಕ್ತ ನಿರ್ಧಾರದ ಬಳಿಕ ಮುಂದಿನ ಕ್ರಮ ಕೈಗೊಳ್ಳುವಿಕೆಯ ಬಗ್ಗೆ ಮಾಹಿತಿ ನೀಡಲಾಗುವುದು.’

ಅವಳು ಓದಿದಳು. ಕೈ ತಾನಾಗಿ ಪೆನ್ಸಿಲ್ ಹಿಡಿಯಿತು. ಸ್ವೀಕೃತಿ, ಗೆರೆ. ಗೊಂದಲ, ಗೆರೆ. ಪರಿಶೀಲನೆ, ನಿರ್ಧಾರ, ಕೈಗೊಳ್ಳುವಿಕೆ.

“ಮೇಷ್ಟ್ರೇ, ಇದರಲ್ಲಿ ಮೂರನೇ ಮನೆ ಪೂರ್ತಿ ಖಾಲಿ ಇದೆ.”

“ಗೊತ್ತು. ಅದಕ್ಕೇ ಹಾಗೆ ಬರೆದೆ.” ಮೇಷ್ಟ್ರ ದನಿ ಮೆತ್ತಗಿತ್ತು. “ಖಾಲಿ ಮನೇಲಿ ಯಾರನ್ನೂ ಹಿಡಿಯೋಕಾಗಲ್ಲ. ಇದನ್ನ ಕಾನೂನು ವಿಭಾಗಕ್ಕೆ ಕಳಿಸೋಣ. ಗುರುವಾರ ಅವರ ಸಭೆ ಇದೆ. ಅವರೇ ಏನೋ ಒಂದು ಮಾಡ್ಲಿ. ನೀನು ಮಗು ಇಟ್ಕೊಂಡಿರೋಳು.”

“ಮಗು ಇಟ್ಕೊಂಡಿರೋದಕ್ಕೇ ಮೇಷ್ಟ್ರೇ...”

“ಕೇಳಿಲ್ಲಿ. ನಾನು ಈ ಭಾಷೇನ ಮೂವತ್ತು ವರ್ಷ ಬೈದಿದೀನಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀತಾರೆ ಅಂತ. ಆದ್ರೆ ಗೋಡೆಗೂ ಒಂದು ಕೆಲಸ ಇರತ್ತಮ್ಮ. ಹಿಂದೆ ನಿಂತ್ಕೊಳ್ಳೋದಕ್ಕೆ.”

ಅವಳು ಅವರ ಮುಖ ನೋಡಿದಳು. ಗೆರೆ ಎಳೆಯಲು ಕಲಿಸಿದ ಬೆರಳುಗಳು ಹಾಳೆಯ ಮೂಲೆಯ ಸಹಿಯನ್ನು ಮುಚ್ಚಿಕೊಂಡಿದ್ದವು. ಅವರು ಹೆದರಿದ್ದು ತಮಗಾಗಿಯೋ ಅವಳಿಗಾಗಿಯೋ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬೇಸರ, ಸಂಜೆ ಮನೆ ತಲುಪಿದಾಗ ದೀಪ ಹಚ್ಚದ ಮನೆ ಕಂಡಂಥ ಬೇಸರ.

“ಗುರುವಾರದವರೆಗೆ ಅವರು ಇನ್ನೂ ಮೂರು ದಿನ ಸ್ನಾನ ಮಾಡ್ತಾರೆ, ಮೇಷ್ಟ್ರೇ.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂತರು.

ಗ್ರಾಹಕರಿಗೆ ಈ ಕೋಣೆಯಿಂದ ಯಾರೂ ಫೋನ್ ಮಾಡಬಾರದು ಎಂಬ ನಿಯಮ ಗೋಡೆಯ ಮೇಲೆಯೇ ಇತ್ತು. ಅದನ್ನು ತಿದ್ದಿ ಚೊಕ್ಕ ಮಾಡಿ ಅಂಟಿಸಿದವಳೂ ಅವಳೇ: ‘ಗ್ರಾಹಕರಿಗೆ ಇಲ್ಲಿಂದ ಫೋನ್ ಮಾಡಬೇಡಿ.’ ಮುಂಚೆ ಅದು ‘ದೂರವಾಣಿ ಸಂಪರ್ಕ ಸಾಧಿಸುವಿಕೆಯನ್ನು ನಿಷೇಧಿಸಲಾಗಿದೆ’ ಎಂದಿತ್ತು. ಯಾರೂ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಕೆಲಸ ಹೋಗಬಹುದು. ಗಂಡನ ಊರೂರು ತಿರುಗುವ ನೌಕರಿಯನ್ನು ನೆಚ್ಚಿಕೊಂಡು ಕೂರಬೇಕಾಗಬಹುದು. ಅತ್ತೆ ಏನೆಂದಾರು? ಏನೂ ಅನ್ನುವುದಿಲ್ಲ, ಅದೇ ಕಷ್ಟ. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಅವಳಿಗೆ ಬೆಳಿಗ್ಗೆ ಕಿಂಡಿಯಲ್ಲಿ ಕಂಡ ನೀಲಿ ಜ್ವಾಲೆ ನೆನಪಾಯಿತು. ತನ್ನ ಮಗುವಿಗೆ ದಿನಾ ಬಗ್ಗಿ ನೋಡಿದ್ದಳು. ಆ ಪುಸ್ತಕ ಬಂದಾಗಿನಿಂದ ಹದಿನಾಲ್ಕು ತಿಂಗಳು, ದಿನಾ. ಮನಸ್ಸಿಗೆ ಎಲ್ಲೋ ಗೊತ್ತಿದ್ದಿರಬೇಕು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದವರಲ್ಲದೆ ಮತ್ತಾರು ಹಾಗೆ ದಿನಾ ಬಗ್ಗಿ ನೋಡುತ್ತಾರೆ?

ರಿಸೀವರ್ ಎತ್ತಿದಳು. ಎಡಗೈಯಲ್ಲೇ. ಪತ್ರ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದಳು. ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಏಳು, ಎಂಟು, ಒಂಬತ್ತು. ಐದು ದಿನ ಹಿಂದಿನ ಪತ್ರ. ಹತ್ತು.

“ಯಾರು?” ಎಂದಿತು ಆ ಕಡೆಯಿಂದ ಒಂದು ಮುದಿ ದನಿ, ಸ್ವಲ್ಪ ಏದುಸಿರು.

ಅವಳು ಮನಸ್ಸಿನಲ್ಲಿ ಹೆಣೆದುಕೊಂಡಿದ್ದ ಮಾತೆಲ್ಲ ಉದುರಿಹೋಯಿತು. “ನಾನು... ಗೀಸರ್ ಪುಸ್ತಕ ಬರೆದವಳು, ಅಜ್ಜಿ. ನಿಮ್ಮ ಕಾಗದ ಓದಿದೆ.”

“ಓ, ಕಂಪನಿಯವರಾ! ಅಂತೂ ನೆನಪಾಯ್ತಲ್ಲ. ಯಾವತ್ತು ಬರ್ತೀರಿ?”

“ಬರಲ್ಲ ಅಜ್ಜಿ. ಯಾರೂ ಬರ್ತಿರ್ಲಿಲ್ಲ. ಬರ್ತೀವಿ ಅಂತ ನಾನು ತಪ್ಪು ಬರೆದೆ. ಯಾರನ್ನೂ ಕೇಳ್ದೆ ಬರೆದೆ. ಅದಿರ್ಲಿ, ಮೊದಲು ಗೀಸರ್ ಆರಿಸಿ. ಹಚ್ಚಲೇಬೇಡಿ. ಇವತ್ತು ಯಾರಾದ್ರೂ ಸ್ನಾನ ಮಾಡಿದ್ರಾ?”

“ಮಾಡ್ತಾ ಇದಾಳಲ್ಲ, ಮೊಮ್ಮಗಳು. ತಲೆನೋವು ಅಂತ ಇವತ್ತು ಶಾಲೆಗೂ ಹೋಗ್ಲಿಲ್ಲ. ನಾಲ್ಕು ತಂಬಿಗೆ ಬಿಸಿನೀರು ಹುಯ್ಕೋ ಹೋಗು, ಸರಿಹೋಗತ್ತೆ ಅಂದೆ.”

“ಬಾಗಿಲು ಬಡೀರಿ! ಅಜ್ಜಿ, ಈಗಲೇ. ಹೊರಗೆ ಕರ್ಕೊಂಡು ಬನ್ನಿ. ಗೀಸರ್ ಆರಿಸಿ, ಕಿಟಕಿ ತೆಗೀರಿ, ಇಬ್ರೂ ಹೊರಗೆ ಬನ್ನಿ. ಹೋಗಿ!”

ರಿಸೀವರ್ ಯಾವುದೋ ಮರದ ಮೇಲೆ ಬಿದ್ದ ಸದ್ದು. ಎಳೆದು ಹಾಕುವ ಚಪ್ಪಲಿ. ದೂರದಲ್ಲಿ ಬಾಗಿಲ ಮೇಲೆ ಮುಷ್ಟಿ, ಒಂದು, ಎರಡು. ಒಂದು ಹೆಸರು ಕೂಗಿದ್ದು. ಅವಳಿಗೆ ಸರಿಯಾಗಿ ಕೇಳಲಿಲ್ಲ. ಮತ್ತೆ ಮುಷ್ಟಿ. ನೀರು ಬೀಳುವ ಸದ್ದು ನಿಲ್ಲಲೇ ಇಲ್ಲ. ಕೋಣೆಯಲ್ಲಿ ಮೇಷ್ಟ್ರ ಕುರ್ಚಿ ಕಿರ್ರೆಂದಿತು. ಅವರು ಎದ್ದು ನಿಂತಿದ್ದರು, ಹತ್ತಿರ ಬರಲಿಲ್ಲ. ಅವಳು ರಿಸೀವರನ್ನು ಕಿವಿಗೆ ಎಷ್ಟು ಒತ್ತಿಕೊಂಡಿದ್ದಳೆಂದರೆ ತನ್ನ ನಾಡಿಯೇ ಬಾಗಿಲು ಬಡಿದಂತೆ ಕೇಳುತ್ತಿತ್ತು.

ಆಮೇಲೆ, ಬಹಳ ಹೊತ್ತಾದ ಮೇಲೆ, ಹುಡುಗಿಯೊಬ್ಬಳ ನಿದ್ದೆಗಣ್ಣಿನಂಥ, ತೊದಲು ದನಿ. “ಏನಜ್ಜಿ... ಕೂತ್ಕೊಂಡ್ಬಿಟ್ಟಿದ್ದೆ... ಕಾಲೇ ಬರ್ತಿಲ್ಲ...” ಚಿಲಕ. ಬಾಗಿಲು. ಏನೋ ಉರುಳಿದ್ದು. ಕೆಮ್ಮು.

ಅವಳು ಫೋನು ಇಡಲಿಲ್ಲ. ಕಣ್ಣು ಮುಚ್ಚಿದಳು, ತೆರೆದಳು. ಚಪ್ಪಲಿಯ ಸದ್ದು ಎಷ್ಟೋ ಹೊತ್ತಿನ ಮೇಲೆ ಮತ್ತೆ ಹತ್ತಿರ ಬಂತು.

“ಇದೀಯಾ?” ಎಂದರು ಅಜ್ಜಿ. ಅಳುತ್ತಿದ್ದರು. “ಆರಿಸಿದೆ. ಕಿಟಕಿ ತೆಗೆದೆ. ಅವಳನ್ನ ಹೊರಗೆ ಜಗಲಿ ಮೇಲೆ ಕೂರಿಸಿದೆ. ಉಸಿರಾಡ್ತಿದಾಳೆ. ಬಿಳುಚಿಕೊಂಡಿದಾಳಮ್ಮ. ಇನ್ನೇನ್ ಮಾಡ್ಲಿ?”

“ಒಳಗೆ ಇರ್ಬೇಡಿ, ನೀವೂ ಹೊರಗೆ ಹೋಗಿ. ಅವಳನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಗೀಸರ್ ಹೊಗೆ ಕುಡಿದಿದಾಳೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ, ಮರೀಬೇಡಿ. ನೀವೂ ತೋರಿಸ್ಕೊಳ್ಳಿ. ಗೀಸರ್ ನೋಡೋಕೆ ಫೋರ್‌ಮನ್‌ನ ನಾನೇ ಕರ್ಕೊಂಡು ಬರ್ತೀನಿ, ಈಗಲೇ ಹೊರಡ್ತೀವಿ.”

“ಪಕ್ಕದ ಮನೆಯವರ ಹತ್ರ ಗಾಡಿ ಇದೆ, ಕೇಳ್ತೀನಿ.” ಅಜ್ಜಿ ಮೂಗು ಒರೆಸಿಕೊಂಡ ಸದ್ದು. ಒಂದು ಕ್ಷಣ ತಡೆದರು. “ಅಯ್ಯೋ. ಅವರ ಮನೇಲೂ ಅದೇ ಪುಸ್ತಕ ಇದೆ ಕಣಮ್ಮ. ಅವರೂ ನಿಮಗೇ ಕಾಯ್ತಾ ಇದಾರೆ. ಈ ಬೀದಿ ಪೂರ್ತಿ ಕಾಯ್ತಾ ಇದೆ. ಅವರಿಗೆಲ್ಲ ಯಾರು ಹೇಳ್ತಾರೆ?”

ಮೇಷ್ಟ್ರು ಬರೆದ ನಾಲ್ಕು ಸಾಲು ಇನ್ನೂ ಮೇಜಿನ ಮೇಲಿತ್ತು, ಐದು ಗೆರೆಗಳ ಸಮೇತ. ಅವಳು ಅದನ್ನು ಮಗುಚಿ, ಹಿಂಬದಿಯ ಖಾಲಿ ಜಾಗಕ್ಕೆ ಪೆನ್ಸಿಲ್ ಊರಿದಳು.

“ನಾನು ಹೇಳ್ತೀನಿ,” ಎಂದಳು. “ಅವರ ನಂಬರ್ ಕೊಡಿ.”